ಶನಿವಾರದ ಮಾತ್ರೆ

ಸೊಪ್ಪು ತಿನ್ನಬೇಡ ಎಂದು ನನಗೆ ಬುದ್ಧಿ ಹೇಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಸಾಲು ಶಿರಾ ಗೇಟಿನಿಂದ ಗುಬ್ಬಿ ಗೇಟಿನವರೆಗೂ ಬಂದೀತು. ನಮ್ಮ ಕಡೆ ಕಾಯಿಲೆ ಒಬ್ಬರಿಗೆ ಬಂದರೆ ಡಾಕ್ಟರಿಕೆ ಊರಿಗೆಲ್ಲ ಬರುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರು, ಬ್ಲೌಸಿಗೆ ಅಳತೆ ಕೊಡಲು ಬಂದವರು, ಸೀರೆಗೆ ಫಾಲ್ ಹಾಕಿಸಲು ಬಂದವರು, ಎಲ್ಲರೂ ನನ್ನ ರಕ್ತದ ವಿಷಯದಲ್ಲಿ ಪಂಡಿತರೇ. ನಾನು ಎಲ್ಲರ ಮಾತನ್ನೂ ಕೇಳಿಸಿಕೊಂಡು ತಲೆಯಾಡಿಸಿ, ಮನೆಗೆ ಹೋಗಿ ನನ್ನ ಬಟ್ಟಲು ಸೊಪ್ಪು ತಿನ್ನುತ್ತೇನೆ.

ನಾನು ದರ್ಜಿ. ತುಮಕೂರಿನ ಶಿರಾ ಗೇಟಿನಲ್ಲಿ ಒಂದು ಮಳಿಗೆ, ಅದರೊಳಗೆ ಎರಡು ಮಿಷನ್ನು, ಒಂದು ಇಸ್ತ್ರಿ ಮೇಜು. ಮನೆ ಗುಬ್ಬಿಯ ಹತ್ತಿರದ ಹಳ್ಳಿಯಲ್ಲಿ. ಸ್ವಲ್ಪ ತೆಂಗಿನ ತೋಟ ಇದೆ, ರಾಗಿ ಹೊಲ ಇದೆ. ಗಂಡ ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಗೆ ಕೆಲಸಗಾರರನ್ನು ಕರೆದೊಯ್ಯುವ ಬಸ್ಸು ಓಡಿಸುತ್ತಾರೆ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮೂರು ಜನರ ಮನೆಯಲ್ಲಿ ಅತ್ತೆಯ ಮಾತಿಗೆ ನಾಲ್ಕು ಜನರ ತೂಕ.

ಚಿಕ್ಕಂದಿನಲ್ಲಿ ಕುಣಿಗಲ್ಲಿನ ತವರಿನಲ್ಲಿ ನನಗೊಂದು ಜ್ವರ ಬಂದಿತ್ತಂತೆ. ಮಂಡಿ, ಮೊಣಕೈ ಊದಿಕೊಂಡು ತಿಂಗಳುಗಟ್ಟಲೆ ನರಳಿದ್ದೆ. ಜ್ವರ ಹೋಯಿತು, ಆದರೆ ಹೋಗುವಾಗ ಹೃದಯದ ಒಂದು ಕವಾಟವನ್ನು ಹಾಳುಮಾಡಿಯೇ ಹೋಗಿತ್ತು. ಅದು ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ, ಮಹಡಿ ಮೆಟ್ಟಿಲು ಹತ್ತಲಾಗದೆ ನಡುವೆ ಕೂತಾಗ. ಬೆಂಗಳೂರಿನಲ್ಲಿ ಎದೆ ಸೀಳಿ ಲೋಹದ ಕವಾಟ ಹಾಕಿದರು. ಮಿಷನ್ನು ನಿಲ್ಲಿಸಿ ಸುಮ್ಮನೆ ಕೂತರೆ ಅದು ಟಿಕ್ ಟಿಕ್ ಎನ್ನುವುದು ನನಗೇ ಕೇಳಿಸುತ್ತದೆ.

ಲೋಹ ಕಂಡರೆ ರಕ್ತಕ್ಕೆ ಆಗಿ ಬರುವುದಿಲ್ಲ. ಅದರ ಮೇಲೆ ಹೆಪ್ಪುಗಟ್ಟಲು ನೋಡುತ್ತದೆ. ಹೆಪ್ಪು ಕೂತರೆ ಕವಾಟ ಸಿಕ್ಕಿಹಾಕಿಕೊಳ್ಳಬಹುದು; ಅದರ ಚೂರು ಹಾರಿ ಮಿದುಳಿಗೆ ಹೋದರೆ ಲಕ್ವ. ಹಾಗಾಗದಿರಲಿ ಎಂದು ಬದುಕಿರುವವರೆಗೂ ವಾರ್ಫರಿನ್ ಮಾತ್ರೆ, ದಿನಾ ಸಂಜೆ ಏಳೂವರೆಗೆ. ಮಾತ್ರೆ ಹೆಚ್ಚಾದರೆ ರಕ್ತ ನಿಲ್ಲುವುದಿಲ್ಲ, ಕಡಿಮೆಯಾದರೆ ಹೆಪ್ಪುಗಟ್ಟುತ್ತದೆ. ಎಷ್ಟು ಸರಿ ಎಂದು ತಿಳಿಯಲು ಐಎನ್‌ಆರ್ ಎಂಬ ರಕ್ತಪರೀಕ್ಷೆ. ನನ್ನ ಕವಾಟಕ್ಕೆ ಆ ಸಂಖ್ಯೆ ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕು. ಬ್ಲೌಸಿನ ಎದೆಯಳತೆಯಲ್ಲಾದರೂ ಅರ್ಧ ಇಂಚು ಒಳಗೆ ಬಿಟ್ಟಿರುತ್ತೇನೆ, ಇಲ್ಲಿ ಅಷ್ಟೂ ಸಡಿಲ ಇಲ್ಲ.

ಸೊಪ್ಪಿನ ಕಥೆ ಮೊದಲು ಹೇಳಿಬಿಡುತ್ತೇನೆ. ಆಪರೇಷನ್ ಆಗಿ ಮನೆಗೆ ಬಂದ ಹೊಸದರಲ್ಲಿ ಯಾರೋ ಹೇಳಿದರು, ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಅದು ಮಾತ್ರೆಯ ಶಕ್ತಿ ಕೆಡಿಸುತ್ತದೆ, ಮುಟ್ಟಲೇಬಾರದು ಎಂದು. ನಾನು ನಂಬಿದೆ. ಬಸ್ಸಾರು, ಮಸ್ಸೊಪ್ಪು ಬಿಟ್ಟು ಮುದ್ದೆ ಉಣ್ಣುವುದು ಅಂದರೆ ನಮ್ಮವರಿಗೆ ಶಿಕ್ಷೆಯೇ. ಎರಡು ತಿಂಗಳು ಬೇಳೆಸಾರಿಗೆ ಮುದ್ದೆ ನುಂಗಿ ನುಂಗಿ ಬಾಯಿ ಸತ್ತುಹೋಗಿತ್ತು. ಆಮೇಲೆ ತವರಿಗೆ ಹೋದೆ. ಮಳೆ ಬಿದ್ದು ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಎದ್ದ ಕಾಲ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗನ್ನೆ, ಎಲ್ಲ ಸೇರಿಸಿ ಅಮ್ಮ ದಿನಾ ಮಸ್ಸೊಪ್ಪು ಮಾಡಿದಳು. ಇಷ್ಟು ದಿನ ಬಿಟ್ಟಿದ್ದೀನಲ್ಲ, ಹತ್ತು ದಿನಕ್ಕೆ ಏನಾದೀತು ಎಂದು ಎರಡು ಹೊತ್ತೂ ಬಾರಿಸಿದೆ. ವಾಪಸು ಬಂದು ರಕ್ತ ಕೊಟ್ಟರೆ ಒಂದು ಪಾಯಿಂಟ್ ಏಳು.

ತುಮಕೂರಿನ ಹೃದಯದ ಡಾಕ್ಟರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೈದದ್ದು ಸೊಪ್ಪು ತಿಂದದ್ದಕ್ಕಲ್ಲ, ಬಿಟ್ಟದ್ದಕ್ಕೆ. ತಿನ್ನಿ, ಆದರೆ ದಿನಾ ಒಂದೇ ಅಳತೆ ತಿನ್ನಿ, ನಿಮ್ಮ ಊಟಕ್ಕೆ ಮಾತ್ರೆಯನ್ನು ಹೊಂದಿಸುವುದು ನನ್ನ ಕೆಲಸ, ಮಾತ್ರೆಗೋಸ್ಕರ ನೀವು ಉಪವಾಸ ಬೀಳಬೇಕಾಗಿಲ್ಲ ಎಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ತಿಂಗಳ ಬಸ್ಸಾರನ್ನು ನನಗೆ ಯಾರು ವಾಪಸು ಕೊಡುತ್ತಾರೆ? ಅವತ್ತೇ ಪಾತ್ರೆ ಅಂಗಡಿಯಿಂದ ಒಂದು ಸಣ್ಣ ಸ್ಟೀಲ್ ಬಟ್ಟಲು ತಂದೆ. ಬೆಂದ ಸೊಪ್ಪು ದಿನಾ ಆ ಬಟ್ಟಲಿನ ತುಂಬ. ಒಂದು ಚಮಚ ಹೆಚ್ಚಿಲ್ಲ, ಒಂದು ಚಮಚ ಕಮ್ಮಿಯಿಲ್ಲ. ಕೆಲವು ವಾರ ಮೇಲಿಂದ ಮೇಲೆ ರಕ್ತ ನೋಡಿ ಡಾಕ್ಟರು ದಿನಕ್ಕೆ ನಾಲ್ಕು ಮಿಲಿಗ್ರಾಮ್ ಎಂದು ನಿಲ್ಲಿಸಿದರು. ಅಲ್ಲಿಂದ ನಾಲ್ಕು ವರ್ಷ ನನ್ನ ಸಂಖ್ಯೆ ಎರಡು ಪಾಯಿಂಟ್ ಎಂಟು, ಮೂರು, ಎರಡು ಪಾಯಿಂಟ್ ಒಂಬತ್ತು. ಅಂಗಡಿಯ ಹತ್ತಿರದ ಲ್ಯಾಬಿನ ಹುಡುಗಿ ತಿಂಗಳಿಗೊಮ್ಮೆ ರಕ್ತ ತೆಗೆಯುತ್ತ, ಅಕ್ಕ, ನಿಮ್ದು ನೋಡಿ ಬೇರೆಯವರಿಗೆ ಬುದ್ಧಿ ಹೇಳ್ತೀನಿ ಅನ್ನುತ್ತಿದ್ದಳು. ನನಗೆ ಕೋಡು ಮೂಡುವುದೊಂದು ಬಾಕಿ.

ಆ ಕೋಡು ಮುರಿದದ್ದು ಹರಕೆಯಿಂದ.

ಬೆಂಗಳೂರಿನಲ್ಲಿ ನನ್ನ ಎದೆ ತೆರೆದಿದ್ದ ದಿನ ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆಂಜನೇಯನಿಗೆ ಹರಕೆ ಹೊತ್ತಿದ್ದರು. ಸೊಸೆ ಜೀವಂತ ಎದ್ದು ಬಂದರೆ ಅತ್ತೆ ಸೊಸೆ ಇಬ್ಬರೂ ಒಂದು ವರ್ಷದ ಶನಿವಾರಗಳನ್ನು ಉಪವಾಸ ಮಾಡುತ್ತೇವೆ ಎಂದು. ಸುಮ್ಮನೆ ಒಪ್ಪತ್ತು ಅಲ್ಲ. ಶನಿವಾರ ಬೆಳಗಿನಿಂದ ಭಾನುವಾರ ಪೂಜೆಯಾಗುವವರೆಗೆ ನೀರು ಬಿಟ್ಟು ಏನೂ ಇಲ್ಲ. ಮೊದಲು ನಾನು ಸುಧಾರಿಸಿಕೊಳ್ಳಲಿ ಅಂತ ಮುಂದಕ್ಕೆ ಹಾಕಿದರು, ಆಮೇಲೆ ಅವರ ಕಣ್ಣಿನ ಆಪರೇಷನ್ ಬಂತು, ಹೀಗೇ ವರ್ಷಗಳು ಉರುಳಿದವು. ಹೋದ ವರ್ಷ ಅತ್ತೆ ಹಟ ಹಿಡಿದು ಕೂತರು. ದೇವರಿಗೆ ಕೊಟ್ಟ ಮಾತು ಹೊತ್ತುಕೊಂಡು ಸಾಯಲಾರೆ ಎಂದರು.

ಉಪವಾಸಕ್ಕೆ ನನ್ನ ತಕರಾರು ಇರಲಿಲ್ಲ. ಮೊದಲ ಶನಿವಾರ ಸಂಜೆ ಏಳೂವರೆಗೆ ಮಾತ್ರೆಯ ಡಬ್ಬಿ ತೆಗೆದೆ. ಅತ್ತೆ ನೋಡಿದರು.

"ಮಾತ್ರೆನೂ ನುಂಗೋದೇ ಅಲ್ವೇನೇ? ಹೊಟ್ಟೆಗೆ ಹೋದ್ರೆ ಉಪವಾಸ ಎಲ್ಲಾಯ್ತು? ವಾರಕ್ ಒಂದ್ ದಿನ ಬುಟ್ರೆ ಏನೂ ಆಗಲ್ಲ ಬುಡು. ಅದ್ನ ನುಂಗೋಕೆ ನಿನ್ನ ಉಳಿಸ್ದೋನು ಅವ್ನೇ ಅಲ್ವಾ."

ನಾನು ಡಬ್ಬಿ ಮುಚ್ಚಿದೆ. ಯಾರಿಗೂ ಸೊಪ್ಪು ಹಾಕದ ನಾನು ಅವತ್ತು ಯಾಕೆ ಮುಚ್ಚಿದೆ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಆಸ್ಪತ್ರೆಯಲ್ಲಿ ಹದಿನಾಲ್ಕು ದಿನ ಆ ಬೆಂಚಿನ ಮೇಲೆ ಮಲಗಿದವರು ಅವರು. ನನ್ನ ತಲೆ ಬಾಚಿ, ಬೆನ್ನು ಒರೆಸಿ, ಮುಟ್ಟಿನ ಬಟ್ಟೆಯನ್ನೂ ಒಗೆದವರು. ಅಂಥವರು ನನ್ನ ಪ್ರಾಣಕ್ಕಾಗಿ ಹೊತ್ತ ಹರಕೆ.

ಡಾಕ್ಟರು ಕೊಟ್ಟ ಒಂದು ಪುಸ್ತಕವಿದೆ, ದಿನಾ ಮಾತ್ರೆ ತೆಗೆದುಕೊಂಡ ಮೇಲೆ ಅದರಲ್ಲಿ ಟಿಕ್ ಹಾಕಬೇಕು. ಶನಿವಾರದ ಖಾಲಿ ಚೌಕ ನೋಡಿ ನನಗೇ ಮುಜುಗರವಾಯಿತು. ನಾಲ್ಕು ವರ್ಷ ಒಂದೂ ತಪ್ಪದ ಪುಸ್ತಕ ಅದು. ಟಿಕ್ ಹಾಕಿಬಿಟ್ಟೆ. ಎರಡನೇ ವಾರ ಅತಿ ಜಾಣತನ ತೋರಿಸಿ, ಶನಿವಾರದ ಮಾತ್ರೆಯನ್ನು ಭಾನುವಾರದ ಮಾತ್ರೆಯ ಜೊತೆಗೆ ಸೇರಿಸಿ ನುಂಗಿದೆ. ಲ್ಯಾಬಿನ ಹುಡುಗಿಯ ಹತ್ತಿರ ಯಾರದೋ ಕಥೆ ಎಂಬಂತೆ ಕೇಳಿದಾಗ ಅವಳು ಬೆಚ್ಚಿಬಿದ್ದಳು. ಮರೆತದ್ದು ಅದೇ ದಿನ ನೆನಪಾದರೆ ನುಂಗಬೇಕು, ಮಾರನೇ ದಿನ ನೆನಪಾದರೆ ಅದನ್ನು ಬಿಟ್ಟು ಪುಸ್ತಕದಲ್ಲಿ ಬರೆದಿಡಬೇಕು, ಯಾವ ಕಾರಣಕ್ಕೂ ಎರಡು ಸೇರಿಸಬಾರದು ಎಂದು ಪಾಠ ಮಾಡಿದಳು. ಸೇರಿಸುವುದನ್ನು ಬಿಟ್ಟೆ. ಬರೆದಿಡುವ ಭಾಗವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ತಿಂಗಳ ಪರೀಕ್ಷೆಯಲ್ಲಿ ಎರಡು ಪಾಯಿಂಟ್ ಒಂದು ಬಂತು. ಡಾಕ್ಟರು ಪುಸ್ತಕ ತಿರುವಿದರು. ಸೊಪ್ಪು ಹೆಚ್ಚಾಯಿತೇ, ಬೇರೆ ಮಾತ್ರೆ ಏನಾದರೂ ಶುರು ಮಾಡಿದಿರಾ, ನಾಟಿ ಔಷಧ ಉಂಟೇ, ಮಾತ್ರೆ ತಪ್ಪಿತೇ ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಇಲ್ಲ ಸಾರ್ ಎಂದೆ. ಅವರು ಒಂದು ದಿನ ನಾಲ್ಕು, ಒಂದು ದಿನ ಐದು ಎಂದು ಬರೆದರು. ಎರಡು ವಾರ ಕಳೆದು ನೋಡಿದರೆ ಎರಡು ಪಾಯಿಂಟ್ ಮೂರು. ಹಾಗಾದರೆ ದಿನಾ ಐದು ಎಂದರು. ಅದಾದ ಮೇಲೆ ಎರಡು ಪಾಯಿಂಟ್ ಆರು ಬಂತು. ಡಾಕ್ಟರು ಸಮಾಧಾನಪಟ್ಟು, ಇನ್ನೆರಡು ವಾರಕ್ಕೆ ಮತ್ತೊಮ್ಮೆ ನೋಡಿ ಗಟ್ಟಿ ಮಾಡಿಕೊಳ್ಳೋಣ ಎಂದರು. ಆರು ದಿನ ನುಂಗುವವಳಿಗೆ ಏಳು ದಿನದ ಲೆಕ್ಕದಲ್ಲಿ ಮಾತ್ರೆ ಏರಿಸುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಸಂಖ್ಯೆ ಸರಿಯಾಯಿತಲ್ಲ, ದೇವರೂ ಉಳಿದ, ಡಾಕ್ಟರೂ ಉಳಿದರು ಎಂದು ಒಳಗೊಳಗೇ ಬೀಗಿದೆ.

ಆ ವಾರವೇ ನಮ್ಮ ದಾಯಾದಿಗಳಲ್ಲಿ ಒಬ್ಬರು ತೀರಿಕೊಂಡರು. ಹನ್ನೊಂದು ದಿನ ಸೂತಕ. ಸೂತಕದಲ್ಲಿ ವ್ರತ, ಹರಕೆ ಯಾವುದೂ ನಡೆಯುವುದಿಲ್ಲ. ಅತ್ತೆಯ ಶಾಸ್ತ್ರದಲ್ಲಿ ನಡುವೆ ನಿಂತ ಹರಕೆಯನ್ನು ಮುಂದಿನ ಅಮಾವಾಸ್ಯೆ ಕಳೆದ ಮೇಲೇ ಮತ್ತೆ ಹಿಡಿಯಬೇಕು. ಹಾಗಾಗಿ ಶನಿವಾರದ ಉಪವಾಸ ನಿಂತಿತು, ನಾನು ಶನಿವಾರವೂ ಮಾತ್ರೆ ನುಂಗತೊಡಗಿದೆ, ಅದೂ ಐದು ಮಿಲಿಗ್ರಾಮಿನದು. ಇನ್ನು ಊಟ ಸಾವಿನ ಮನೆಯಲ್ಲಿ. ನಮ್ಮಲ್ಲಿ ಆ ಹನ್ನೊಂದು ದಿನ ಒಗ್ಗರಣೆ ಇಲ್ಲ, ಸೊಪ್ಪು ಇಲ್ಲ. ಅನ್ನ, ಸಪ್ಪೆ ಬೇಳೆಸಾರು, ಮಜ್ಜಿಗೆ. ನನ್ನ ಸ್ಟೀಲ್ ಬಟ್ಟಲು ಮನೆಯ ಗೂಡಿನಲ್ಲಿ ಮಗುಚಿ ಬಿದ್ದಿತ್ತು. ಬಂದು ಹೋಗುವವರ ಗಡಿಬಿಡಿಯಲ್ಲಿ ಎರಡು ವಾರದ ಪರೀಕ್ಷೆಯ ದಿನವೂ ದಾಟಿಹೋಯಿತು. ಮಾತ್ರೆ ಏರಿತ್ತು, ತಪ್ಪಿಸುವುದು ನಿಂತಿತ್ತು, ಸೊಪ್ಪು ಇಳಿದಿತ್ತು, ನೋಡುವವರು ಯಾರೂ ಇರಲಿಲ್ಲ. ಶತ್ರು ಕೂತು ಯೋಜನೆ ಹಾಕಿದ್ದರೂ ಇಷ್ಟು ಚೆನ್ನಾಗಿ ಕೂಡಿಬರುತ್ತಿರಲಿಲ್ಲ.

ಮೊದಲು ಹಲ್ಲುಜ್ಜುವಾಗ ಉಗುಳಿನಲ್ಲಿ ಕೆಂಪು ಕಂಡಿತು. ಅತ್ತೆ ಉಷ್ಣ ಎಂದರು, ನೆನೆಸಿದ ಮೆಂತ್ಯ ಕೊಟ್ಟರು. ಮಿಷನ್ನಿನ ಮೇಜಿನ ಅಂಚು ತೊಡೆಗೆ ತಾಗಿದ್ದೇ ನೆನಪಿಲ್ಲ, ಅಂಗೈ ಅಗಲದ ನೀಲಿ ಕಲೆ ಎದ್ದಿತ್ತು. ಅದಕ್ಕೂ ಉಷ್ಣವೇ ಕಾರಣವಾಯಿತು. ಒಂದು ಬೆಳಗ್ಗೆ ಮೂಗಿನಲ್ಲಿ ರಕ್ತ ಬಂದು ಬಹಳ ಹೊತ್ತು ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಉಷ್ಣಕ್ಕೆ ಹೆದರುವವರಿಲ್ಲ, ತಲೆಗೆ ಹರಳೆಣ್ಣೆ ತಟ್ಟಿದರೆ ಮುಗಿಯಿತು. ಪುಸ್ತಕದ ಹಿಂಬದಿಯಲ್ಲಿ ಇದನ್ನೆಲ್ಲ ಬರೆದಿದ್ದಾರೆ: ವಸಡಿನಲ್ಲಿ ರಕ್ತ, ಕಾರಣವಿಲ್ಲದ ಕಲೆ, ನಿಲ್ಲದ ಮೂಗಿನ ರಕ್ತ, ಕೆಂಪು ಮೂತ್ರ, ಟಾರಿನಂಥ ಕಪ್ಪು ಮಲ, ಅತಿಯಾದ ಮುಟ್ಟು, ತಲೆಗೆ ಪೆಟ್ಟು, ತಡೆಯಲಾಗದ ತಲೆನೋವು, ಇದ್ದರೆ ಕಾಯಬೇಡಿ, ಕೂಡಲೇ ಬನ್ನಿ. ನಾಲ್ಕು ವರ್ಷ ದಿನಾ ಆ ಪುಸ್ತಕ ತೆರೆದವಳು ನಾನು, ಹಿಂಬದಿಯನ್ನು ಮಾತ್ರ ತಿರುಗಿಸಿರಲಿಲ್ಲ.

ಸೂತಕ ಕಳೆದು ಅಂಗಡಿಗೆ ಬಂದ ಮೂರನೇ ದಿನ ಬಿಳಿ ರೇಷ್ಮೆ ಬ್ಲೌಸಿಗೆ ಹುಕ್ಕು ಹೊಲಿಯುತ್ತಿದ್ದೆ. ಸೂಜಿ ಬೆರಳಿಗೆ ಚುಚ್ಚಿತು. ದರ್ಜಿಗೆ ಸೂಜಿ ಚುಚ್ಚುವುದು ಏನು ಮಹಾ. ಬಾಯಿಗೆ ಹಾಕಿ ಚೀಪಿದೆ, ಚಿಂದಿ ಸುತ್ತಿದೆ. ಚಿಂದಿ ತೋಯಿತು. ಇನ್ನೊಂದು ಸುತ್ತಿದೆ, ಅದೂ ತೋಯಿತು. ಅಷ್ಟರಲ್ಲಿ ಬಿಳಿ ಬ್ಲೌಸಿನ ಮೇಲೆ ಮೂರು ಹನಿ ಬಿದ್ದಿದ್ದವು. ಆಗ ಬೆಳಗಿನ ವಿಷಯ ನೆನಪಿಗೆ ಬಂತು. ಮಲ ಕರ್ರಗೆ, ಅಂಟಂಟಾಗಿ ಹೋಗಿತ್ತು. ಅದನ್ನು ತಿಥಿಯ ಊಟದ ಮೇಲೆ ಹಾಕಿ ಮರೆತಿದ್ದೆ. ನನಗೆ ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಷಟರ್ ಎಳೆದು ಲ್ಯಾಬಿಗೆ ನಡೆದೆ.

ಹುಡುಗಿ ನನ್ನ ಮುಖ ನೋಡಿಯೇ ಕೂರಿಸಿದಳು. ರಕ್ತ ತೆಗೆದ ಜಾಗವನ್ನು ಹತ್ತು ನಿಮಿಷ ತಾನೇ ಒತ್ತಿ ಹಿಡಿದಳು. ಆರು ಪಾಯಿಂಟ್ ಎಂಟು. ಅವಳು ಸಂಖ್ಯೆಯನ್ನು ನನಗೆ ಹೇಳುವ ಮೊದಲು ಡಾಕ್ಟರಿಗೆ ಫೋನ್ ಮಾಡಿದಳು. ಅಕ್ಕ, ನಡ್ಕೊಂಡ್ ಹೋಗ್ಬೇಡಿ, ಆಟೋ ಕರೀತೀನಿ ಎಂದಳು.

ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಮಾತ್ರೆ ನಿಲ್ಲಿಸಿದರು, ವಿಟಮಿನ್ ಕೆಯನ್ನು ಲೆಕ್ಕ ಹಾಕಿ ಸ್ವಲ್ಪವೇ ಕೊಟ್ಟರು. ಹೆಚ್ಚು ಕೊಟ್ಟರೆ ರಕ್ತ ಮತ್ತೆ ಕವಾಟದ ಮೇಲೆ ಹೆಪ್ಪುಗಟ್ಟೀತು ಎಂಬ ಎಚ್ಚರಿಕೆ ಅವರದು. ಗಂಟಲಲ್ಲಿ ಕೊಳವೆ ಇಳಿಸಿ ನೋಡಿದರು. ಹೊಟ್ಟೆಯಲ್ಲಿ ಸಣ್ಣದೊಂದು ಹುಣ್ಣು, ಅದರಿಂದ ರಕ್ತ ಒಸರುತ್ತಿತ್ತು. ಇನ್ನೆರಡು ದಿನ ಉಷ್ಣ ಉಷ್ಣ ಅನ್ನುತ್ತ ಕೂತಿದ್ದರೆ ಏನಾಗುತ್ತಿತ್ತೋ.

ನೋಡಲು ಬಂದವರು ಸೇಬು, ಬ್ರೆಡ್ಡಿನ ಜೊತೆಗೆ ಹೊಸ ಸುದ್ದಿಯನ್ನೂ ತಂದರು. ಇದು ಇಲಿ ಪಾಷಾಣವಂತೆ, ಮೊಬೈಲಿನಲ್ಲಿ ಬಂದಿದೆಯಂತೆ, ಯಾರು ನುಂಗುತ್ತಾರೆ ಇದನ್ನ, ನಿಲ್ಲಿಸಿದ್ದೇ ಒಳ್ಳೆಯದಾಯಿತು, ಹೀಗೇ ನಿಲ್ಲಿಸಿಬಿಡಿ ಎಂದು. ಇಲಿಗೆ ಅದು ಪಾಷಾಣವೇ, ಆದರೆ ನನ್ನ ಎದೆಯಲ್ಲಿರುವುದು ಇಲಿಯ ಎದೆಯಲ್ಲಿ ಇಲ್ಲ ಎಂದೆ. ನಗಲಿಲ್ಲ ಅವರು. ಅತ್ತೆಯೂ, ಗಂಡನೂ ಅವರ ಮಾತಿಗೆ ತಲೆದೂಗುತ್ತಿರುವುದು ಕಂಡು ನನಗೆ ಹುಣ್ಣಿಗಿಂತ ಅದೇ ಹೆಚ್ಚು ನೋವಾಯಿತು.

ಮೂರನೇ ದಿನ ರಕ್ತ ನಿಂತಿತ್ತು, ಸಂಖ್ಯೆ ಎರಡು ಪಾಯಿಂಟ್ ಏಳಕ್ಕೆ ಇಳಿದಿತ್ತು. ಡಾಕ್ಟರು ಬಂದು ಹಾಸಿಗೆಯ ಅಂಚಿನಲ್ಲಿ ನಿಂತರು. ಕೈಯಲ್ಲಿ ನನ್ನ ಪುಸ್ತಕ. ಒಂದು ಕಡೆ ಗಂಡ, ಇನ್ನೊಂದು ಕಡೆ ಸ್ಟೂಲಿನ ಮೇಲೆ ಅತ್ತೆ.

ಗಂಡ ಅಳುಕುತ್ತಲೇ ಕೇಳಿದರು, ಮಾತ್ರೆ ಇನ್ನು ಬೇಡವೇ ಬೇಡ ಅಂದರೆ ಆಗುತ್ತದೆಯೇ ಎಂದು. ಆಗುವುದಿಲ್ಲ, ನಿಲ್ಲಿಸಿದರೆ ಕವಾಟ ನಿಲ್ಲುತ್ತದೆ, ಇವತ್ತಿನಿಂದಲೇ ಮತ್ತೆ ಶುರು ಎಂದರು ಡಾಕ್ಟರು. ಆಮೇಲೆ ಪುಸ್ತಕವನ್ನು ನನ್ನ ಮುಂದೆ ಹಿಡಿದರು.

"ನಾಲ್ಕು ವರ್ಷ ನಾಲ್ಕು ಮಿಲಿಗ್ರಾಮಿಗೆ ಸರಿ ಇದ್ರಿ. ಇದ್ದಕ್ಕಿದ್ದಂಗೆ ಅದು ಸಾಲ್ಲಿಲ್ಲ, ಐದು ಮಾಡಿದ್ವಿ, ಸರಿಹೋಯ್ತು. ಅದೇ ಐದಕ್ಕೆ ಈಗ ಆರು ಪಾಯಿಂಟ್ ಎಂಟು. ಸೊಪ್ಪು ಬಿಟ್ಟಿದ್ದು ಒಂದರಿಂದ್ಲೇ ಇಷ್ಟಾಗಲ್ಲಮ್ಮ. ಇಲ್ಲಿ ಎಲ್ಲಾ ದಿನ ಟಿಕ್ ಇದೆ. ಇದನ್ನ ನಂಬಿ ನಾನು ಬರೀಬೇಕು. ನಂಬ್ಲಾ?"

ಅತ್ತೆ ನೆಲ ನೋಡುತ್ತಿದ್ದರು. ನಾನು ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮನೆಯ ಮರ್ಯಾದೆ ಉಳಿಯುತ್ತಿತ್ತು, ಪುಸ್ತಕದ ಮರ್ಯಾದೆ ಉಳಿಯುತ್ತಿತ್ತು, ಅವರು ತಪ್ಪು ಲೆಕ್ಕದ ಮೇಲೆ ಇನ್ನೊಂದು ತಪ್ಪು ಲೆಕ್ಕ ಬರೆಯುತ್ತಿದ್ದರು, ನಾನು ಒಂದು ದಿನ ಈ ಕಡೆಗೋ ಆ ಕಡೆಗೋ ಬಿದ್ದು ಹೋಗುತ್ತಿದ್ದೆ. ಸಾಯುವುದಾದರೆ ಸಾಯೋಣ, ಆದರೆ ಒಂದು ಸುಳ್ಳು ಟಿಕ್ಕಿಗೆ ಸಾಯುವುದೇ? ರೋಷ ಉಕ್ಕಿತು. ಬೇರೆ ಯಾರ ಮೇಲೂ ಅಲ್ಲ, ನನ್ನ ಮೇಲೆಯೇ.

"ನಂಬ್ಬೇಡಿ ಸಾರ್. ಶನಿವಾರದ ಟಿಕ್ ಎಲ್ಲಾ ಸುಳ್ಳು. ಉಪವಾಸ ಅಂತ ಮಾತ್ರೆ ಬಿಟ್ಟಿದೀನಿ. ಸೂತಕ ಬಂದ್ಮೇಲೆ ಉಪವಾಸ ಇರ್ಲಿಲ್ಲ, ಎಲ್ಲಾ ದಿನ ತಗೊಂಡಿದೀನಿ."

ಯಾರು ಬಿಡಿಸಿದರು ಎಂದು ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಬೈಯಲೂ ಇಲ್ಲ. ಕುರ್ಚಿ ಎಳೆದುಕೊಂಡು ಕೂತು, ಪೆನ್ನು ತೆಗೆದು, ಯಾವ ಯಾವ ಶನಿವಾರ ಎಂದು ಕೇಳಿ ಒಂದೊಂದೇ ಟಿಕ್ಕನ್ನು ಹೊಡೆದುಹಾಕಿಸಿದರು. ಸೋಮವಾರ ಸೋಮವಾರ ರಕ್ತ ಕೊಡುತ್ತಿದ್ದಿರಿ, ಶನಿವಾರ ತಪ್ಪಿದ್ದು ಸೋಮವಾರಕ್ಕೆ ಸರಿಯಾಗಿ ಕಾಣಿಸಿದೆ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಮತ್ತೆ ನಾಲ್ಕು ಮಿಲಿಗ್ರಾಮ್, ಏಳು ದಿನಕ್ಕೂ. ಹುಣ್ಣಿಗೆ ಬೇರೆ ಮಾತ್ರೆ. ವಾರಕ್ಕೆ ಎರಡು ಸಲ ರಕ್ತಪರೀಕ್ಷೆ, ಸರಿಯಾದ ಮೇಲೆ ವಾರಕ್ಕೊಮ್ಮೆ. ದಿನಾ ಅದೇ ಬಟ್ಟಲು ಸೊಪ್ಪು. ಈ ಮಾತ್ರೆ ನುಂಗಲು ಹೊಟ್ಟೆ ತುಂಬಿರಬೇಕಾಗಿಲ್ಲ, ಆದರೆ ನೀವು ಈ ಉಪವಾಸ ಬಿಡುವುದೇ ಒಳ್ಳೆಯದು ಎಂದರು. ನನ್ನನ್ನು ಕೇಳದೆ ಯಾವ ನೋವಿನ ಮಾತ್ರೆಯನ್ನೂ ನುಂಗಬೇಡಿ ಎಂದು ಹೋಗುತ್ತ ಇನ್ನೊಮ್ಮೆ ಹೇಳಿದರು.

ಮನೆಗೆ ಬಂದ ಮೇಲೆ ಅತ್ತೆ ಮಾತು ಬಿಟ್ಟರು. ಪೂರ್ತಿ ಬಿಟ್ಟರು ಅನ್ನುವ ಹಾಗಿಲ್ಲ, ಗೋಡೆಗೆ ಹೇಳಿದಂತೆ ಹೇಳುತ್ತಿದ್ದರು. ಆದರೆ ದಿನಾ ಸೊಪ್ಪು ಬಿಡಿಸುವುದನ್ನು ಬಿಡಲಿಲ್ಲ. ನನ್ನ ಬಟ್ಟಲಿಗೆ ಹಾಕಿ, ಚಮಚದಿಂದ ಮೇಲ್ಗಡೆ ಸಮ ಮಾಡಿ ಮುಂದಿಡುತ್ತಿದ್ದರು. ಗಂಡ ಮಾತ್ರ ಕಾರ್ಖಾನೆಯಿಂದ ಬಂದು ಏಳೂವರೆಗೆ ಸರಿಯಾಗಿ, ಆಯ್ತಾ ಎಂದು ಕೇಳುತ್ತಿದ್ದರು. ಲ್ಯಾಬಿನಲ್ಲಿ ಮೊದಲು ಎರಡು ಪಾಯಿಂಟ್ ಐದು, ಆಮೇಲೆ ಎರಡು ಪಾಯಿಂಟ್ ಏಳು ಬಂತು. ಬಿಳಿ ಬ್ಲೌಸಿನವರಿಗೆ ಹೊಸ ಬಟ್ಟೆ ತಂದು ಹೊಲಿದುಕೊಟ್ಟೆ. ಅಂಗಡಿ ಮುಚ್ಚು ಎಂದವರಿಗೆ, ಮುಚ್ಚಿ ಮನೆಯಲ್ಲಿ ಕೂತು ಏನು ಮಾಡಲಿ, ನಿಮ್ಮ ಸಲಹೆ ಕೇಳಿಕೊಂಡಿರಲೇ ಎಂದೆ. ಈಗ ಬೆರಳ ತುದಿಗೆ ಅಂಗುಸ್ತಾನದ ಟೋಪಿ ಹಾಕಿಕೊಂಡೇ ಸೂಜಿ ಹಿಡಿಯುತ್ತೇನೆ. ವಾರ್ಫರಿನ್ ನುಂಗುವವಳು, ಲೋಹದ ಕವಾಟ ಇದೆ ಎಂದು ಬರೆದ ಚೀಟಿ ಪರ್ಸಿನಲ್ಲಿದೆ. ಅಷ್ಟೇ ಬದಲಾವಣೆ.

ಅಮಾವಾಸ್ಯೆ ಕಳೆಯಿತು. ಮೊದಲ ಶನಿವಾರ ಬಂತು. ಅತ್ತೆ ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು ಪೂಜೆ ಮಾಡಿದರು, ಒಲೆ ಹಚ್ಚಲಿಲ್ಲ. ನನ್ನನ್ನು ಉಪವಾಸಕ್ಕೆ ಕರೆಯಲಿಲ್ಲ. ಮಧ್ಯಾಹ್ನ ನಾನೇ ಒಲೆ ಹಚ್ಚಿ, ದಂಟಿನ ಸೊಪ್ಪು ಬೇಯಿಸಿ, ಬಸಿದು, ಒಗ್ಗರಣೆ ಹಾಕಿದೆ. ಒಗ್ಗರಣೆಯ ಘಾಟು ಮನೆಯೆಲ್ಲ ತುಂಬಿತು. ಅಡುಗೆಮನೆಯಲ್ಲಿ ಒಬ್ಬಳೇ ಕೂತು ಬಟ್ಟಲು ಖಾಲಿ ಮಾಡಿದೆ. ಹಜಾರದಲ್ಲಿ ಅತ್ತೆ ಸೆರಗು ಹೊದ್ದು ಗೋಡೆ ಕಡೆ ತಿರುಗಿ ಮಲಗಿದ್ದರು.

ಸಂಜೆ ಏಳೂವರೆ. ಅತ್ತೆ ದೇವರ ಮನೆಯ ಹೊಸಿಲ ಹತ್ತಿರ ಕೂತಿದ್ದರು, ದೀಪ ಉರಿಯುತ್ತಿತ್ತು. ನಾನು ಅಡುಗೆಮನೆಯಲ್ಲೇ ನುಂಗಿ ಬಾಯಿ ಒರೆಸಿಕೊಳ್ಳಬಹುದಿತ್ತು. ಕದ್ದು ಬಿಟ್ಟದ್ದು ಸಾಕಾಗಿತ್ತು, ಇನ್ನು ಕದ್ದು ನುಂಗುವುದೂ ಬೇಡ ಅನ್ನಿಸಿತು. ಡಬ್ಬಿ ಮತ್ತು ನೀರಿನ ಲೋಟ ತಂದು ಅವರ ಎದುರಿಗೇ ಕೂತೆ.

ಅವರು ಕಣ್ಣೆತ್ತದೆ, ಇಷ್ಟು ವರ್ಷ ಬುಟ್ಟಿದ್ದ ಹರಕೆ, ಈಗ್ಲೂ ತೀರ್ಲಿಲ್ಲ ಎಂದರು.

"ನಾನು ಬದುಕ್ಲಿ ಅಂತ ತಾನೇ ಹರಕೆ ಹೊತ್ತಿದ್ದು ಅತ್ತೆ? ಬದುಕ್ತಾ ಇದೀನಿ, ನೋಡಿ."

ಮಾತ್ರೆ ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿದೆ. ಪುಸ್ತಕ ತೆರೆದು ಶನಿವಾರದ ಚೌಕದಲ್ಲಿ ಟಿಕ್ ಹಾಕಿದೆ. ಟಿಕ್ ಸೊಟ್ಟಗಾಯಿತು. ಬೈಗುಳಕ್ಕೆ ಕಾದೆ, ಅಳುವಿಗೆ ಕಾದೆ. ಅತ್ತೆ ದೀಪದ ಬತ್ತಿ ಮುಂದಕ್ಕೆ ಸರಿಸಿದರು. ಆಮೇಲೆ ಲೋಟವನ್ನು ನನ್ನ ಕಡೆ ತಳ್ಳಿದರು.

"ಅಷ್ಟ್ ನೀರು ಸಾಲ್ದು ಕಣೇ. ಗಂಟ್ಲಲ್ಲೇ ನಿಂತ್ಕಂಡಾತು. ಇನ್ನೊಂದ್ ಗುಟುಕು ಕುಡಿ."